ನಡುರಾತ್ರಿ ಇಳಿಯುವ ಶುಗರ್: ಬೆವರು, ಕೆಟ್ಟ ಕನಸು, ಬೆಳಗಿನ ತಲೆನೋವು ಮತ್ತು ಮಲಗುವ ಮುಂಚಿನ ರೀಡಿಂಗ್

ಇನ್ಸುಲಿನ್ ತೆಗೆದುಕೊಳ್ಳುವವರ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. "ರಾತ್ರಿ ಮಲಗುವ ಮುಂಚೆ ನೋಡಿದೆವು, 148 ಇತ್ತು. ಇನ್ನೇನೂ ಭಯವಿಲ್ಲ." ಸಂಖ್ಯೆ ಚೆನ್ನಾಗಿಯೇ ಇದೆ. ಆದರೆ ಊಟ ಮುಗಿಸಿ ಎಷ್ಟು ಹೊತ್ತಾಗಿತ್ತು, ಇನ್ಸುಲಿನ್ ಯಾವುದು, ಅದನ್ನು ಎಷ್ಟು ಗಂಟೆಗೆ ಚುಚ್ಚಿಕೊಂಡರು ಎಂಬುದು ತಿಳಿಯದಿದ್ದರೆ ಆ 148 ಬೆಳಗಿನ ಜಾವ ಮೂರು ಗಂಟೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದೇ ಮನುಷ್ಯ, ಅದೇ ಹಾಸಿಗೆಯಲ್ಲಿ, ಐದು ಗಂಟೆಗಳ ನಂತರ 56ಕ್ಕೆ ಇಳಿದಿರಬಹುದು. ಹಾಗೆ ಇಳಿದಿದ್ದು ಮನೆಯವರಿಗೆ ಮಾತ್ರವಲ್ಲ, ಅವರಿಗೇ ಗೊತ್ತಾಗದೆ ಬೆಳಗಾಗಬಹುದು.

ಇಲ್ಲಿ ಕೊಡುವ ಸಂಖ್ಯೆಗಳೆಲ್ಲ ಗ್ಲುಕೋಮೀಟರ್ ತೋರಿಸುವ, ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. 70ಕ್ಕಿಂತ ಕೆಳಗೆ ಹೋದರೆ ಶುಗರ್ ಕಡಿಮೆಯಾಯಿತು ಎಂದರ್ಥ. 54ಕ್ಕಿಂತ ಕೆಳಗೆ ಹೋದರೆ ಅದು ಗಂಭೀರ. ಮಿದುಳಿಗೆ ಬೇಕಾದಷ್ಟು ಸಕ್ಕರೆ ಸಿಗುತ್ತಿಲ್ಲ.

ಯಾರು ಎಚ್ಚರದಿಂದಿರಬೇಕು

ಸಕ್ಕರೆ ಕಾಯಿಲೆ ಇರುವ ಎಲ್ಲರೂ ರಾತ್ರಿ ಎದ್ದು ಬೆರಳು ಚುಚ್ಚಿಕೊಳ್ಳಬೇಕಾಗಿಲ್ಲ. ಬರೀ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಈ ತೊಂದರೆ ಅಪರೂಪ. ಎಚ್ಚರ ಬೇಕಾದವರು ಎರಡು ಗುಂಪಿನವರು. ಮೊದಲನೆಯದು ಇನ್ಸುಲಿನ್ ತೆಗೆದುಕೊಳ್ಳುವವರು, ಅದರಲ್ಲೂ ಬೆಳಗ್ಗೆ ಮತ್ತು ರಾತ್ರಿ ಊಟಕ್ಕೆ ಮುಂಚೆ 30/70 ಎಂಬ ಮಿಶ್ರ ಇನ್ಸುಲಿನ್ ಚುಚ್ಚಿಕೊಳ್ಳುವವರು. ಎರಡನೆಯದು ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ನುಂಗುವವರು. ಇವು ಮೇದೋಜೀರಕ ಗ್ರಂಥಿಯನ್ನು ಒತ್ತಿ ಇನ್ಸುಲಿನ್ ಸುರಿಸುವ ಮಾತ್ರೆಗಳು. ಊಟ ಮಾಡಿದ್ದೀರೋ ಇಲ್ಲವೋ ಎಂದು ಅವು ನೋಡುವುದಿಲ್ಲ. ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಒಮ್ಮೆ ಓದಿ ನೋಡಿ. ಎರಡು ಮೂರು ಔಷಧ ಸೇರಿದ ಮಾತ್ರೆಗಳಲ್ಲಿ ಗ್ಲಿಮಿಪಿರೈಡ್ ಇರುವುದು ನಮ್ಮಲ್ಲಿ ತೀರಾ ಸಾಮಾನ್ಯ.

ಈ ಎರಡು ಗುಂಪಿನವರಲ್ಲಿ ವಯಸ್ಸಾದವರು, ಮೂತ್ರಪಿಂಡ ದುರ್ಬಲವಾಗಿರುವವರು ಮತ್ತು ಹತ್ತಾರು ವರ್ಷಗಳಿಂದ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು. ಇನ್ಸುಲಿನ್ನಿನ ಒಂದು ಪಾಲು ಮೂತ್ರಪಿಂಡದಲ್ಲೇ ಕರಗುತ್ತದೆ. ಅದು ಸೋತಾಗ ಹತ್ತು ಯೂನಿಟ್ ಹದಿಮೂರು ಯೂನಿಟ್ಟಿನಂತೆ ಕೆಲಸ ಮಾಡತೊಡಗುತ್ತದೆ. ವರ್ಷಗಟ್ಟಲೆ ಸರಿಯಾಗಿದ್ದ ಡೋಸು ಒಂದು ದಿನ ಹೆಚ್ಚಾಗಲು ಇದೊಂದು ದೊಡ್ಡ ಕಾರಣ.

ಮಲಗಿದವರ ಮೇಲೆ ಕಾಣುವ ಗುರುತುಗಳು

ಹಗಲು ಶುಗರ್ ಇಳಿದರೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹಸಿವಾಗುತ್ತದೆ. ಈ ಸೂಚನೆಗಳನ್ನು ಕೊಡುವುದು ಮುಖ್ಯವಾಗಿ ಅಡ್ರಿನಲಿನ್. ನಿದ್ರೆಯಲ್ಲಿ ಅಡ್ರಿನಲಿನ್ ಅಷ್ಟು ಜೋರಾಗಿ ಸುರಿಯುವುದಿಲ್ಲ, ಆದ್ದರಿಂದ ಅನೇಕರಿಗೆ ಎಚ್ಚರವೇ ಆಗುವುದಿಲ್ಲ. ಉಳಿಯುವುದು ಪಕ್ಕದಲ್ಲಿ ಮಲಗಿದವರು ಗಮನಿಸಬಹುದಾದ ಕೆಲವು ಗುರುತುಗಳು, ಮತ್ತು ಬೆಳಗ್ಗೆ ಎದ್ದ ಮೇಲೆ ಕಾಣುವ ಕೆಲವು.

ಬೆವರನ್ನು ಮೊದಲು ನೋಡಿ. ಸೆಕೆಯ ಬೆವರಿಗೂ ಇದಕ್ಕೂ ವ್ಯತ್ಯಾಸವಿದೆ. ಫ್ಯಾನ್ ತಿರುಗುತ್ತಿದೆ, ಪಕ್ಕದಲ್ಲಿ ಮಲಗಿದವರು ಹೊದ್ದುಕೊಂಡಿದ್ದಾರೆ, ಆದರೂ ಇವರ ಕತ್ತಿನ ಹಿಂಭಾಗ, ಎದೆ ಮತ್ತು ಹಣೆ ತೊಯ್ದಿರುತ್ತವೆ. ಮುಟ್ಟಿದರೆ ಚರ್ಮ ಬಿಸಿಯಾಗಿರುವುದಿಲ್ಲ, ತಣ್ಣಗೆ ಅಂಟಂಟಾಗಿರುತ್ತದೆ. ಬೆಳಗ್ಗೆ ದಿಂಬಿನ ಹೊದಿಕೆ ಒದ್ದೆಯಾಗಿರುವುದು, ಬನಿಯನ್ ಅಥವಾ ರವಿಕೆ ಬದಲಿಸಬೇಕಾಗುವುದು ಇದರದ್ದೇ ಮುಂದುವರಿಕೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ನುಂಗುವವರಲ್ಲಿ ಎದೆ ಬಡಿತ ಮತ್ತು ನಡುಕ ಮರೆಯಾಗಬಹುದು, ಬೆವರು ಮಾತ್ರ ಉಳಿಯುತ್ತದೆ. ಅಂಥವರ ಮನೆಯವರಿಗೆ ಬೆವರೇ ಮುಖ್ಯ ಸುಳಿವು.

ಕೆಟ್ಟ ಕನಸಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಕಡೆ ಅದನ್ನು ಯಾರೂ ಸಕ್ಕರೆಗೆ ಜೋಡಿಸುವುದಿಲ್ಲ. ಸಕ್ಕರೆ ಸಾಲದ ಮಿದುಳು ನಿದ್ರೆಯನ್ನು ಕೆಡಿಸುತ್ತದೆ. ಬಾವಿಗೆ ಬೀಳುವ, ಯಾರೋ ಅಟ್ಟಿಸಿಕೊಂಡು ಬರುವ ಕನಸುಗಳು, ನಿದ್ರೆಯಲ್ಲೇ ಕೂಗುವುದು, ಅಳುವುದು, ಕೈಕಾಲು ಬಡಿಯುವುದು, ಎದ್ದು ಕೂತು ಅಸಂಬದ್ಧ ಮಾತಾಡುವುದು ಇವೆಲ್ಲ ಕಾಣಿಸಬಹುದು. ಎಬ್ಬಿಸಿದರೆ ಸಿಡುಕುತ್ತಾರೆ, "ನನಗೇನೂ ಆಗಿಲ್ಲ" ಎಂದು ಮತ್ತೆ ಮಲಗಲು ಹೋಗುತ್ತಾರೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿಕೊಂಡು ಬಂದ ಮಕ್ಕಳನ್ನೂ ಅಜ್ಜಿಯರನ್ನೂ ನಾನು ನೋಡಿದ್ದೇನೆ. ತಾಯಿತ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಆ ಕೂಗಿನ ಹೊತ್ತಿಗೆ ಸರಿಯಾಗಿ ಒಂದು ಸ್ಟ್ರಿಪ್ ಖರ್ಚು ಮಾಡಿ.

ಬೆಳಗಿನ ತಲೆನೋವು ಮಂಕು ಹಿಡಿದಂಥದ್ದು. ತಲೆ ಭಾರ, ಎಂಟು ಗಂಟೆ ಮಲಗಿದರೂ ಮಲಗಿದಂತಿಲ್ಲ, ಮಾತು ನಿಧಾನ, ಬೆಳಗಿನ ಕೆಲಸಕ್ಕೆ ಕೈ ಓಡುವುದಿಲ್ಲ. ತಿಂಡಿ ತಿಂದ ಮೇಲೆ ಅದು ಹಗುರಾಗುತ್ತಾ ಬಂದರೆ ರಾತ್ರಿಯ ಶುಗರಿನ ಮೇಲೆ ಅನುಮಾನ ಪಡಬೇಕು. ಬೆಳಗಿನ ತಲೆನೋವಿಗೆ ಗೊರಕೆಯ ನಡುವೆ ಉಸಿರು ಕಟ್ಟುವುದು, ಏರಿದ ರಕ್ತದೊತ್ತಡ ಇವೂ ಕಾರಣವಾಗುತ್ತವೆ. ರಾತ್ರಿ ಬೆವರಿಗೆ ಥೈರಾಯ್ಡ್, ಕ್ಷಯ, ಮುಟ್ಟು ನಿಲ್ಲುವ ಕಾಲ ಹೀಗೆ ಹಲವು ಕಾರಣಗಳಿವೆ. ಆದ್ದರಿಂದ ಗುರುತುಗಳು ಅನುಮಾನ ಹುಟ್ಟಿಸಬಲ್ಲವು, ತೀರ್ಪು ಕೊಡಬೇಕಾದ್ದು ಮೀಟರು.

ಮಲಗುವ ಮುಂಚಿನ ರೀಡಿಂಗ್ ತೆಗೆಯುವುದು ಹೇಗೆ

ಮೊದಲು ಹೊತ್ತನ್ನು ಸರಿಮಾಡಿಕೊಳ್ಳಿ. ನಮ್ಮ ಮನೆಗಳಲ್ಲಿ ರಾತ್ರಿ ಊಟ ಒಂಬತ್ತಕ್ಕೆ, ನಿದ್ರೆ ಹತ್ತಕ್ಕೆ. ಒಂಬತ್ತೂವರೆಗೆ ತಟ್ಟೆ ತೊಳೆದು ಹತ್ತಕ್ಕೆ ಬೆರಳು ಚುಚ್ಚಿದರೆ ಮೀಟರು ತೋರಿಸುವುದು ಊಟದಿಂದ ಏರುತ್ತಿರುವ ಶುಗರನ್ನು. ಅದಕ್ಕೆ ಮಲಗುವ ಮುಂಚಿನ ರೀಡಿಂಗ್ ಎಂಬ ಹೆಸರಿದ್ದರೂ ಅದು ನಿಜಕ್ಕೂ ಊಟದ ರೀಡಿಂಗ್. ಊಟ ಶುರುಮಾಡಿ ಕನಿಷ್ಠ ಎರಡು ಗಂಟೆಯಾದ ಮೇಲೆ, ಸಾಧ್ಯವಾದರೆ ಎರಡೂವರೆ ಗಂಟೆಗೆ ನೋಡಿದ ಸಂಖ್ಯೆಗೆ ಬೆಲೆ ಹೆಚ್ಚು. ಇದಕ್ಕೆ ಸುಲಭದ ದಾರಿ ನಿದ್ರೆಯನ್ನು ತಡಮಾಡುವುದಲ್ಲ, ಊಟವನ್ನು ಎಂಟು ಗಂಟೆಗೆ ತರುವುದು. ಹಾಗೆ ತಂದಾಗ ಇನ್ಸುಲಿನ್ ಹೊತ್ತನ್ನೂ ಜೊತೆಗೇ ತರಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ಸರಿಸಬಾರದು.

ಎರಡನೆಯದು ಬೆರಳು. ಸೋಪು ಹಾಕಿ ತೊಳೆದು ಪೂರ್ತಿ ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಅಥವಾ ಬೆಲ್ಲ ಮುಟ್ಟಿದ ಬೆರಳಿನ ಮೇಲೆ ಉಳಿದ ಸಿಹಿ ಸಂಖ್ಯೆಯನ್ನು ಸುಳ್ಳಾಗಿ ಏರಿಸುತ್ತದೆ. 80 ಇದ್ದವರಿಗೆ 140 ಎಂದು ತೋರಿಸಿ ನೆಮ್ಮದಿಯಾಗಿ ಮಲಗಿಸುತ್ತದೆ. ನೀರು ಅಥವಾ ಬೆವರು ಉಳಿದರೆ ರಕ್ತ ತೆಳುವಾಗಿ ಸಂಖ್ಯೆ ತಪ್ಪುತ್ತದೆ. ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಸ್ಟ್ರಿಪ್ ತೆಗೆದ ತಕ್ಷಣ ಡಬ್ಬಿಯ ಮುಚ್ಚಳ ಹಾಕಿ. ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯ ಸ್ಟ್ರಿಪ್ಪುಗಳನ್ನು ನಂಬುವುದು ಕಷ್ಟ. ಒಳ್ಳೆಯ ಮೀಟರು ಕೂಡ ನೂರರ ಆಸುಪಾಸಿನಲ್ಲಿ ಹದಿನೈದರಷ್ಟು ಆಚೀಚೆ ತೋರಿಸಬಹುದು ಎಂಬುದು ನೆನಪಿರಲಿ. 78 ಎಂದು ಬಂದರೆ ನಿಜವಾದದ್ದು 65 ಕೂಡ ಇರಬಹುದು.

ಮೂರನೆಯದು, ಒಂದೇ ಸಂಖ್ಯೆಯನ್ನು ನಂಬದಿರುವುದು. ಒಂದು ರೀಡಿಂಗ್ ಎಂದರೆ ರಸ್ತೆಯಲ್ಲಿರುವ ಬಸ್ಸಿನ ಫೋಟೋ ಇದ್ದಂತೆ. ಬಸ್ಸು ನಿಂತಿದೆಯೋ, ಘಾಟಿ ಇಳಿಯುತ್ತಿದೆಯೋ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಆದ್ದರಿಂದ ಅನುಮಾನವಿರುವ ರಾತ್ರಿಗಳಲ್ಲಿ ಎರಡು ಬಾರಿ ನೋಡಿ: ರಾತ್ರಿ ಇನ್ಸುಲಿನ್ ಚುಚ್ಚುವ ಮುಂಚೆ ಒಮ್ಮೆ, ಮಲಗುವಾಗ ಒಮ್ಮೆ. ಊಟಕ್ಕೆ ಮುಂಚೆ 118, ಊಟವಾಗಿ ಎರಡು ಗಂಟೆಗೆ 190 ಇದ್ದರೆ ಊಟ ಚೆನ್ನಾಗಿಯೇ ಏರಿಸಿದೆ, ಇಳಿಯಲು ಜಾಗವಿದೆ. 118ರಿಂದ 130ಕ್ಕೆ ಮಾತ್ರ ಏರಿದ್ದರೆ ಊಟ ಇನ್ಸುಲಿನ್ನಿಗೆ ಸಾಟಿಯಾಗಿಲ್ಲ, ರಾತ್ರಿಯಿಡೀ ಇನ್ಸುಲಿನ್ ಕೆಲಸ ಮಾಡುವುದು ಮಾತ್ರ ಬಾಕಿ.

ನಾಲ್ಕನೆಯದು, ಆ ದಿನ ಏನು ನಡೆಯಿತು ಎಂದು ಕೇಳಿಕೊಳ್ಳುವುದು. ಎಂದಿಗಿಂತ ಕಡಿಮೆ ಊಟವಾಯಿತೇ? ಏಕಾದಶಿ, ಶಿವರಾತ್ರಿ ಎಂದು ಬರೀ ಹಣ್ಣು ತಿಂದು ಇನ್ಸುಲಿನ್ ಮಾತ್ರ ಅಷ್ಟೇ ಹಾಕಿಕೊಂಡರೇ? ಸಂಜೆ ಹೊಲದಲ್ಲಿ, ತೋಟದಲ್ಲಿ ಹೆಚ್ಚು ದುಡಿದರೇ, ಮಗು ಆಟದ ಬಯಲಿನಲ್ಲಿ ಎರಡು ಗಂಟೆ ಓಡಿತೇ? ದುಡಿದ ಸ್ನಾಯುಗಳು ತಮ್ಮ ಖಾಲಿಯಾದ ದಾಸ್ತಾನನ್ನು ರಕ್ತದ ಸಕ್ಕರೆಯಿಂದ ತುಂಬಿಕೊಳ್ಳುತ್ತವೆ, ಮತ್ತು ಆ ಕೆಲಸ ಗಂಟೆಗಟ್ಟಲೆ, ನಡುರಾತ್ರಿ ಕಳೆದ ಮೇಲೂ ನಡೆಯುತ್ತದೆ. ಮದ್ಯ ಕುಡಿದ ರಾತ್ರಿಯಲ್ಲಿ ಅಪಾಯ ಇನ್ನೂ ಹೆಚ್ಚು; ಹಸಿದ ಹೊತ್ತಿನಲ್ಲಿ ಹೊಸದಾಗಿ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡಬೇಕಾದ ಪಿತ್ತಜನಕಾಂಗದ ಕೆಲಸಕ್ಕೆ ಮದ್ಯ ಅಡ್ಡಬರುತ್ತದೆ. ಮೇಲಾಗಿ ತೊದಲುವ ಮಾತನ್ನು ಕುಡಿತದ ಲೆಕ್ಕಕ್ಕೆ ಹಾಕಿ ಮನೆಯವರು ಸುಮ್ಮನಾಗುತ್ತಾರೆ.

ಸಂಖ್ಯೆ ಕೈಯಲ್ಲಿದೆ, ಈಗೇನು ಮಾಡುವುದು

70ಕ್ಕಿಂತ ಕಡಿಮೆ ಇದ್ದರೆ ಮಲಗುವ ಮಾತೇ ಇಲ್ಲ, ಮುಂದೆ ಹೇಳುವಂತೆ ಗ್ಲುಕೋಸ್ ಕೊಡಬೇಕು. 70ರಿಂದ 100ರ ನಡುವೆ ಇದ್ದರೆ, ಇನ್ಸುಲಿನ್ ಅಥವಾ ಆ ಮಾತ್ರೆಗಳ ಮೇಲಿರುವವರು ಹಾಗೆಯೇ ಮಲಗುವುದು ಸರಿಯಲ್ಲ. ಒಂದು ಲೋಟ ಹಾಲು, ಜೊತೆಗೆ ಎರಡು ಮಾರಿ ಬಿಸ್ಕತ್ತು ಅಥವಾ ಅರ್ಧ ಚಪಾತಿ ತಿಂದು, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ನೂರು ದಾಟಿದ್ದು ಖಚಿತವಾದ ಮೇಲೆ ದೀಪ ಆರಿಸಿ.

100ರಿಂದ 140 ಎಲ್ಲರನ್ನೂ ಗೊಂದಲಕ್ಕೆ ಕೆಡಹುವ ಜಾಗ. ಅದು ಒಳ್ಳೆಯ ಸಂಖ್ಯೆ ಹೌದು, ಆದರೆ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಅದನ್ನು ಒಳ್ಳೆಯದೆಂದು ಎಣಿಸಬೇಡಿ. ಅದೇ ಹಾಲು, ಬಿಸ್ಕತ್ತು ಕೊಟ್ಟು ಮೂರು ಗಂಟೆಗೆ ಅಲಾರಂ ಇಡಿ. ವಯಸ್ಸಾದವರಿಗೆ ವೈದ್ಯರು ಗುರಿಯನ್ನೇ ಮೇಲಕ್ಕೆ ಇಡುತ್ತಾರೆ. ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯ ಪ್ರಕಾರ ಆರೋಗ್ಯವಂತ ವೃದ್ಧರಿಗೆ ಮಲಗುವ ಹೊತ್ತಿಗೆ 80ರಿಂದ 180, ಹಲವು ಕಾಯಿಲೆಗಳಿರುವವರಿಗೆ 100ರಿಂದ 180, ತೀರಾ ಬಳಲಿದವರಿಗೆ 110ರಿಂದ 200 ಇದ್ದರೆ ಸಾಕು. ಎಪ್ಪತ್ತೆಂಟರ ಅಜ್ಜನ ಶುಗರನ್ನು ಇಪ್ಪತ್ತೆಂಟರ ಮೊಮ್ಮಗನ ಮಟ್ಟಕ್ಕೆ ತರಲು ಹೆಣಗುವ ಮನೆಗಳಲ್ಲೇ ಈ ರಾತ್ರಿ ಕುಸಿತ ಹೆಚ್ಚು ಕಾಣುತ್ತದೆ, ಮತ್ತು ಇದು ನನಗೆ ನಿಜಕ್ಕೂ ನೋವು ತರುವ ಸಂಗತಿ.

ಸಂಖ್ಯೆ 250 ದಾಟಿದರೆ ಗಾಬರಿಯಿಂದ ಮಲಗುವ ಮುಂಚೆ ನೀವಾಗಿಯೇ ಹೆಚ್ಚುವರಿ ಇನ್ಸುಲಿನ್ ಹಾಕಬೇಡಿ. ಊಟದ ಇನ್ಸುಲಿನ್ ಇನ್ನೂ ಮೈಯಲ್ಲಿರುವಾಗ ಅದರ ಮೇಲೆ ಇನ್ನೊಂದನ್ನು ಪೇರಿಸಿದಂತಾಗುತ್ತದೆ. ಅಂಥ ಹೊತ್ತಿಗೆ ಎಷ್ಟು ಹಾಕಬೇಕೆಂದು ವೈದ್ಯರು ಮುಂಚೆಯೇ ಬರೆದುಕೊಟ್ಟಿದ್ದರೆ ಅಷ್ಟನ್ನೇ ಪಾಲಿಸಿ. ಟೈಪ್ 1 ಇರುವವರಿಗೆ ವಾಂತಿ, ಹೊಟ್ಟೆನೋವು ಇದ್ದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ, ರಾತ್ರಿ ಶುಗರ್ ಇಳಿಯುತ್ತದೆ ಎಂಬ ಹೆದರಿಕೆಗೆ ಟೈಪ್ 1 ಇರುವವರು ದೀರ್ಘಾವಧಿ ಇನ್ಸುಲಿನ್ನನ್ನು ಬಿಟ್ಟುಬಿಡುವುದೂ ಅಷ್ಟೇ ಅಪಾಯ.

ಮೂರು ಗಂಟೆಯ ಅಲಾರಂ

ಗುರುತುಗಳು ಕಂಡಿವೆ ಎಂದಾದರೆ ಎರಡು ಮೂರು ರಾತ್ರಿ ಎದ್ದು ನೋಡಲೇಬೇಕು, ಬೇರೆ ದಾರಿಯಿಲ್ಲ. ಯಾವ ಹೊತ್ತಿಗೆ ಎಂಬುದನ್ನು ಇನ್ಸುಲಿನ್ ಹೇಳುತ್ತದೆ. 30/70 ಬಾಟಲಿಯಲ್ಲಿ ಎಪ್ಪತ್ತು ಪಾಲು ನಿಧಾನವಾಗಿ ಕೆಲಸ ಮಾಡುವ, ಬಾಟಲಿಯಲ್ಲಿ ಮೋಡದಂತೆ ಕಾಣುವ ಇನ್ಸುಲಿನ್. ಚುಚ್ಚಿದ ಸುಮಾರು ನಾಲ್ಕು ಗಂಟೆಯಿಂದ ಎಂಟು ಹತ್ತು ಗಂಟೆಯವರೆಗೆ ಅದರ ಬಲ ಹೆಚ್ಚು. ರಾತ್ರಿ ಎಂಟಕ್ಕೆ ಚುಚ್ಚಿದರೆ ಅದು ಉಚ್ಛ್ರಾಯಕ್ಕೆ ಬರುವುದು ನಡುರಾತ್ರಿಯಿಂದ ಮುಂದಕ್ಕೆ, ಅಂದರೆ ಹೊಟ್ಟೆ ಖಾಲಿಯಾಗುತ್ತಾ ಬಂದ ಮೇಲೆ. ಆದ್ದರಿಂದ ಎರಡೂವರೆಯಿಂದ ಮೂರರ ನಡುವೆ ನೋಡುವುದು. ಊಟಕ್ಕೆ ಮಾತ್ರ ವೇಗದ ಇನ್ಸುಲಿನ್ ಹಾಕುವವರಲ್ಲಿ ಕುಸಿತ ಹೆಚ್ಚಾಗಿ ರಾತ್ರಿಯ ಮೊದಲರ್ಧದಲ್ಲೇ ಆಗುತ್ತದೆ. ಗ್ಲಾರ್ಜಿನ್‌ನಂಥ ದೀರ್ಘಾವಧಿ ಇನ್ಸುಲಿನ್ ಸಮನಾಗಿ ಹರಿಯುವುದರಿಂದ ಅಪಾಯ ಕಡಿಮೆ. ಡೋಸು ಹೆಚ್ಚಿದ್ದರೆ ಬೆಳಗಿನ ಜಾವದ ಕಡೆಗೆ ನಿಧಾನವಾಗಿ ಇಳಿಯುವುದು ಕಾಣಬಹುದು.

ಮೀಟರು, ಸ್ಟ್ರಿಪ್, ಒಣಬಟ್ಟೆ, ಗ್ಲುಕೋಸ್ ಪುಡಿ, ಚಮಚ, ಒಂದು ಲೋಟ ನೀರು ಇವನ್ನು ಮಲಗುವ ಮುಂಚೆಯೇ ಕೈಗೆಟಕುವಂತೆ ಇಟ್ಟುಕೊಳ್ಳಿ. ಮೊಬೈಲಿನ ಬೆಳಕು ಸಾಕು. ಬೆರಳು ತಣ್ಣಗಿದ್ದರೆ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಬೆವರಿದ್ದರೆ ಒಣಬಟ್ಟೆಯಿಂದ ಒರೆಸಿ, ಆಮೇಲೆ ಚುಚ್ಚಿ. ಸಂಖ್ಯೆಯ ಜೊತೆ ಹೊತ್ತು, ಬೆವರಿತ್ತೇ, ಕೂಗಿದರೇ ಎಂಬುದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ತೋಳಿಗೆ ಅಂಟಿಸುವ ಸೆನ್ಸರ್ ಇರುವವರಿಗೆ ಈ ಕೆಲಸ ಸುಲಭ, ರಾತ್ರಿಯ ಇಡೀ ಗೆರೆ ಕಾಣುತ್ತದೆ. ಆದರೆ ಆ ತೋಳಿನ ಮೇಲೇ ಒರಗಿ ಮಲಗಿದರೆ ಚರ್ಮ ಒತ್ತಿ, ಶುಗರ್ ಇಳಿಯದಿದ್ದರೂ ಇಳಿದಂತೆ ತೋರಿಸುತ್ತದೆ. ಗೆರೆ ಇದ್ದಕ್ಕಿದ್ದಂತೆ ಕುಸಿದು, ಮಗ್ಗುಲು ಬದಲಿಸಿದ ಕೂಡಲೇ ಮೇಲೇರಿದರೆ ಅದು ಇಂಥದ್ದೇ. ಅಲಾರಂ ಹೊಡೆದು ಮೈಯಲ್ಲಿ ಲಕ್ಷಣಗಳಿಲ್ಲದಿದ್ದರೆ ಬೆರಳು ಚುಚ್ಚಿ ಖಚಿತಪಡಿಸಿಕೊಳ್ಳಿ.

ಇಳಿದಿದ್ದರೆ ಕೊಡುವುದು ಏನು, ಎಷ್ಟು

ಎಚ್ಚರವಿದ್ದು ನುಂಗಬಲ್ಲವರಿಗೆ 15 ಗ್ರಾಂ ಗ್ಲುಕೋಸ್ ಕೊಡಬೇಕು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಗ್ಲುಕೋಸ್ ಪುಡಿ ಮೂರು ತುಂಬು ಟೀ ಚಮಚ, ಅರ್ಧ ಲೋಟ ನೀರಿನಲ್ಲಿ ಕಲಸಿ, ಕೂರಿಸಿ ಕುಡಿಸಿ. ಹದಿನೈದು ನಿಮಿಷ ಕಾದು ಮತ್ತೆ ನೋಡಿ. 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ದಾಟಿದ ಮೇಲೆ ಹಾಲು, ಬಿಸ್ಕತ್ತು ಕೊಡಿ, ಏಕೆಂದರೆ ಇಳಿಸಿದ ಇನ್ಸುಲಿನ್ ಇನ್ನೂ ಮೈಯಲ್ಲಿದೆ, ತಿಂಡಿಗೆ ಇನ್ನೂ ನಾಲ್ಕು ಗಂಟೆಯಿದೆ. ಚಾಕೊಲೇಟ್, ಮೈಸೂರು ಪಾಕು, ಪೇಡ ಈ ಹೊತ್ತಿಗೆ ಸಲ್ಲುವುದಿಲ್ಲ. ಅವುಗಳ ತುಪ್ಪ, ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತವೆ.

ಗ್ಲುಕೋಸ್ ಇಲ್ಲದಿದ್ದರೆ ಅಡುಗೆಮನೆಯ ಸಕ್ಕರೆ ನೀರೂ ಆದೀತು, ಆದರೆ ಒಂದು ಗುಂಪಿನವರಿಗೆ ಆಗುವುದಿಲ್ಲ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ನುಂಗುವವರಿಗೆ ಸಕ್ಕರೆ ಬೇಗ ಕೆಲಸ ಮಾಡದು. ಸಕ್ಕರೆಯನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನೇ ಆ ಔಷಧ ತಡೆಯುತ್ತದೆ. ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಸೇರಿದ ಮಾತ್ರೆ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಶುಗರ್ ಇಳಿಸುವುದೂ ಅದರಲ್ಲೇ ಇದೆ, ಸಕ್ಕರೆ ನೀರನ್ನು ತಡಮಾಡುವುದೂ ಅದರಲ್ಲೇ ಇದೆ. ಅಂಥ ಮನೆಯಲ್ಲಿ ಗ್ಲುಕೋಸ್ ಪುಡಿ ಇರಲೇಬೇಕು.

ಕರೆದರೆ ಓಗೊಡದವರ, ಫಿಟ್ಸ್ ಬಂದವರ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ, "ಸಕ್ಕರೆ ಕಾಯಿಲೆಯವರು, ಶುಗರ್ ಇಳಿದು ಪ್ರಜ್ಞೆ ಇಲ್ಲ" ಎಂದು ಮೊದಲ ವಾಕ್ಯದಲ್ಲೇ ಹೇಳಿ. ವೈದ್ಯರು ಗ್ಲುಕಗಾನ್ ಇಂಜೆಕ್ಷನ್ ಬರೆದುಕೊಟ್ಟು, ಮನೆಯಲ್ಲಿ ಇದ್ದರೆ ಅದನ್ನು ಕೊಡುವ ಹೊತ್ತು ಇದೇ. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಮಾತ್ರೆಯಿಂದ ಹೀಗಾಗಿದ್ದರೆ ಗ್ಲುಕೋಸ್ ಏರಿಸಿದ ಮೇಲೆ ಚೇತರಿಸಿಕೊಂಡರೂ ಮತ್ತೆ ಇಳಿಯಬಹುದು. ಒಂದು ದಿನವಾದರೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತೇವೆ ಎಂದು ವೈದ್ಯರು ಹೇಳಿದರೆ ಅವಸರಪಟ್ಟು ಮನೆಗೆ ಕರೆತರಬೇಡಿ.

ಒಂದು ಮನೆಯ ಲೆಕ್ಕ

ಇವೆಲ್ಲ ಸೇರಿದಾಗ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕಟ್ಟಿ ನೋಡೋಣ. ಹಾಸನದ ಕಡೆಯ ಅರವತ್ತಾರರ ನಿವೃತ್ತ ಶಿಕ್ಷಕಿ ಎಂದುಕೊಳ್ಳಿ. 30/70 ಇನ್ಸುಲಿನ್ ಬೆಳಗ್ಗೆ 22, ರಾತ್ರಿ 16 ಯೂನಿಟ್. ಹಲ್ಲಿನ ತೊಂದರೆಯಿಂದ ಕೆಲವು ವಾರಗಳಿಂದ ರಾತ್ರಿ ಮುದ್ದೆ, ಅನ್ನ ಬಿಟ್ಟು ಒಂದು ಚಪಾತಿ ಹಾಲಿನಲ್ಲಿ ನೆನೆಸಿ ತಿನ್ನುತ್ತಾರೆ. ಇನ್ಸುಲಿನ್ ಅಷ್ಟೇ ಇದೆ. ಮಲಗುವ ಮುಂಚೆ ಒಂಬತ್ತೂವರೆಗೆ 148. ಬೆಳಗ್ಗೆ ಫಾಸ್ಟಿಂಗ್ 88. ಮಗಳು ನೋಟ್‌ಬುಕ್ ನೋಡಿ, "ಅಮ್ಮಾ, ಎಷ್ಟು ಚೆನ್ನಾಗಿದೆ ನೋಡಿ" ಎನ್ನುತ್ತಾಳೆ. ಅಮ್ಮ ಮಾತ್ರ ತಲೆಭಾರ ಎಂದು ಒಂಬತ್ತರವರೆಗೂ ಹಾಸಿಗೆಯಿಂದ ಏಳುವುದಿಲ್ಲ, ದಿಂಬಿನ ಹೊದಿಕೆ ದಿನಾ ಒಗೆಯಬೇಕಾಗಿದೆ.

ಆ 88ರ ಮೇಲೇ ಮೊದಲ ಅನುಮಾನ ಬರಬೇಕಿತ್ತು. ರಾತ್ರಿ ಇನ್ಸುಲಿನ್ ಹಾಕುವ ವೃದ್ಧರಲ್ಲಿ ಬೆಳಗಿನ ಸಂಖ್ಯೆ ತೊಂಬತ್ತರ ಸುತ್ತಮುತ್ತ ಇದ್ದರೆ, ನಡುರಾತ್ರಿ ಅದಕ್ಕಿಂತ ಕೆಳಗೆ ಹೋಗಿ ಬಂದಿರುವ ಸಾಧ್ಯತೆಯನ್ನು ಪರೀಕ್ಷಿಸಲೇಬೇಕು.

ಮಗಳು ಒಂದು ರಾತ್ರಿ ಎಲ್ಲವನ್ನೂ ನೋಡುತ್ತಾಳೆ. ಇನ್ಸುಲಿನ್ ಮುಂಚೆ ಎಂಟಕ್ಕೆ 118. ಊಟ ಎಂಟೂವರೆಗೆ. ಒಂಬತ್ತೂವರೆಗೆ ಎಂದಿನಂತೆ 150ರ ಆಸುಪಾಸು. ಹತ್ತೂವರೆಗೆ 142. ಆಗಲೇ ಇಳಿಮುಖ, ಊಟವಾಗಿ ಎರಡು ಗಂಟೆಗೆ ಮೊದಲಿಗಿಂತ 24 ಮಾತ್ರ ಹೆಚ್ಚು. ಮೂರು ಗಂಟೆಗೆ ಅಮ್ಮನ ಕತ್ತು ಒದ್ದೆ. ಬೆರಳು ಒರೆಸಿ ನೋಡಿದರೆ 56. ನಾಲ್ಕೂವರೆ ಗಂಟೆಯಲ್ಲಿ 86 ಇಳಿದಿದೆ, ಗಂಟೆಗೆ ಸುಮಾರು 19ರಂತೆ. ಗ್ಲುಕೋಸ್ ಮೂರು ಚಮಚ, ಹದಿನೈದು ನಿಮಿಷಕ್ಕೆ 81. ಹಾಲು, ಬಿಸ್ಕತ್ತು ಕೊಟ್ಟು ಮಲಗಿಸುತ್ತಾಳೆ. ಏಳಕ್ಕೆ 112, ತಲೆನೋವು ಕಡಿಮೆ.

ಮರುದಿನ ಈ ಪುಟವನ್ನು ನೋಡಿದ ವೈದ್ಯರು ರಾತ್ರಿಯ ಡೋಸನ್ನು 16ರಿಂದ 13ಕ್ಕೆ ಇಳಿಸುತ್ತಾರೆ. ಹೀಗೆ ಇಳಿದಾಗ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಪ್ರತಿಶತ ಕಡಿಮೆ ಮಾಡುವುದು ರೂಢಿ. ಜೊತೆಗೆ ಕ್ರಿಯಾಟಿನಿನ್ ಪರೀಕ್ಷೆ ಬರೆಯುತ್ತಾರೆ, ಮೂತ್ರಪಿಂಡ ಸೋತಿದೆಯೇ ಎಂದು ನೋಡಲು. ಹಲ್ಲು ಸರಿಯಾಗಿ ಊಟ ಹೆಚ್ಚಿದ ಮೇಲೆ ಡೋಸನ್ನು ಮತ್ತೆ ಲೆಕ್ಕ ಹಾಕಬೇಕು ಎಂಬುದನ್ನೂ ಹೇಳುತ್ತಾರೆ.

ಇಲ್ಲಿ ಅನೇಕರು ಬೇರೆ ದಾರಿ ಹಿಡಿಯುತ್ತಾರೆ. ಡೋಸು ಹಾಗೇ ಬಿಟ್ಟು, ದಿನಾ ಮಲಗುವ ಮುಂಚೆ ಬಿಸ್ಕತ್ತು ತಿನ್ನಿಸುತ್ತಾರೆ. ಎರಡು ಮೂರು ದಿನಕ್ಕೆ, ವೈದ್ಯರನ್ನು ಕಾಣುವವರೆಗೆ ಅದು ಸರಿ. ಕಾಯಂ ಆದರೆ ಹೆಚ್ಚಾದ ಇನ್ಸುಲಿನ್ನಿಗೆ ದಿನವೂ ಉಣಿಸುತ್ತಾ ಇರುವುದಾಗುತ್ತದೆ. ತೂಕ ಏರುತ್ತದೆ, ಬಿಸ್ಕತ್ತು ಮರೆತ ರಾತ್ರಿ ಶುಗರ್ ಇಳಿಯುತ್ತದೆ.

ಬೆಳಗ್ಗೆ ಹೆಚ್ಚಿದ್ದರೆ?

"ರಾತ್ರಿ ಇಳಿದದ್ದಕ್ಕೇ ಬೆಳಗ್ಗೆ ಏರುತ್ತದೆ" ಎಂಬ ಮಾತನ್ನು ನೀವು ಕೇಳಿರಬಹುದು. ಮೈಕೆಲ್ ಸೊಮೋಗಿ ಎಂಬ ವಿಜ್ಞಾನಿ 1930ರ ದಶಕದಲ್ಲಿ ಮುಂದಿಟ್ಟ ವಿಚಾರ ಅದು. ರಾತ್ರಿಯಿಡೀ ಅಳೆಯುವ ಸೆನ್ಸರ್‌ಗಳು ಬಂದ ಮೇಲೆ ನಡೆದ ಅಧ್ಯಯನಗಳು ಅದನ್ನು ಅಷ್ಟಾಗಿ ಬೆಂಬಲಿಸಿಲ್ಲ. ರಾತ್ರಿ ಇಳಿದವರಲ್ಲಿ ಬೆಳಗಿನ ಸಂಖ್ಯೆ ಹೆಚ್ಚಾಗಿ ಕಡಿಮೆಯೇ ಇರುತ್ತದೆ. ಬೆಳಗ್ಗೆ 200 ಬರಲು ಬೆಳಗಿನ ಜಾವ ಏರುವ ಹಾರ್ಮೋನುಗಳು, ಸಾಲದ ಇನ್ಸುಲಿನ್, ಅಥವಾ ರಾತ್ರಿ ಹೆದರಿ ತಿಂದ ಅರ್ಧ ಡಬ್ಬಿ ಸಿಹಿ ಕಾರಣವಾಗಿರುವುದು ಹೆಚ್ಚು. ಹಾಗೆಂದು ಬೆಳಗಿನ 200 ನೋಡಿ ರಾತ್ರಿಯ ಡೋಸನ್ನು ಕಣ್ಣುಮುಚ್ಚಿ ಏರಿಸುವುದೂ ತಪ್ಪು, ಇಳಿಸುವುದೂ ತಪ್ಪು. ಮೂರು ಗಂಟೆಗೆ 170 ಇದ್ದು ಏಳಕ್ಕೆ 200 ಆದರೆ ಒಂದು ಚಿಕಿತ್ಸೆ, ಮೂರಕ್ಕೆ 60 ಇದ್ದು ಏಳಕ್ಕೆ 200 ಆದರೆ ಇನ್ನೊಂದು. ಆ ನಡುವಿನ ಸಂಖ್ಯೆಯನ್ನು ಒಯ್ಯದೆ ವೈದ್ಯರ ಬಳಿಗೆ ಹೋದರೆ ಅವರೂ ಊಹಿಸಬೇಕಾಗುತ್ತದೆ.

ವೈದ್ಯರ ಮುಂದೆ ಇಡಬೇಕಾದ್ದು ಒಂದು ಪುಟ ಸಾಕು: ರಾತ್ರಿ ಇನ್ಸುಲಿನ್ ಮುಂಚಿನ ಸಂಖ್ಯೆ, ಇನ್ಸುಲಿನ್ ಮತ್ತು ಊಟದ ಹೊತ್ತು, ಏನು ತಿಂದರು, ಮಲಗುವಾಗ, ಮೂರಕ್ಕೆ ಮತ್ತು ಏಳಕ್ಕೆ ಎಷ್ಟಿತ್ತು, ಯಾವ ಗುರುತು ಕಂಡಿತು. ಮಾತ್ರೆಗಳ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಪದೇ ಪದೇ ಇಳಿದು ಹಗಲಿನಲ್ಲೂ ನಡುಕ, ಬೆವರು ಗೊತ್ತಾಗದಂತೆ ಆಗಿದ್ದರೆ ಅದನ್ನು ಹೇಳಲು ಮರೆಯಬೇಡಿ. ಕೆಲವು ವಾರ ಒಮ್ಮೆಯೂ ಇಳಿಯದಂತೆ ನೋಡಿಕೊಂಡರೆ ಆ ಅರಿವು ಬಹಳಷ್ಟು ಜನರಲ್ಲಿ ಸ್ವಲ್ಪಮಟ್ಟಿಗಾದರೂ ಮರಳುತ್ತದೆ. ಡೋಸು ಬದಲಾದ ಮೇಲೆ ಎರಡು ರಾತ್ರಿ ಮತ್ತೆ ಮೂರಕ್ಕೆ ಎದ್ದು ನೋಡಿ. ಆ ಶಿಕ್ಷಕಿಯ ಲೆಕ್ಕದಲ್ಲಿ 13 ಯೂನಿಟ್ಟಿಗೆ ಮೂರು ಗಂಟೆಯ ಸಂಖ್ಯೆ 105, 110 ಎಂದು ಬಂದರೆ ಅಲಾರಂ ತೆಗೆಯಬಹುದು. 80ರ ಕೆಳಗೇ ಉಳಿದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಅದೇ ಬೆಳಗ್ಗೆ ಫೋನ್ ಮಾಡಿ.